ಗೋಳಗುಮ್ಮಟದ ಮುಂದೆ ಅಪ್ಪ-ಅವ್ವ: ಕೂಡಿಸಿದ ಫೋಟೋ ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ (ವಿಜಯಪುರದಿಂದ)

ಅಪ್ಪ-ಅವ್ವನ ಮದುವೆಯ ಐವತ್ತನೇ ವರ್ಷಕ್ಕೆ ಫ್ಲೆಕ್ಸ್ ಮಾಡಿಸಬೇಕು. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅದಕ್ಕೆ ಮನೆಯ ಪಡಸಾಲೆಯಲ್ಲೇ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದೆ. ಹಿಂದೆ ನಾನೇ ತೆಗೆದಿದ್ದ ಗೋಳಗುಮ್ಮಟದ ಫೋಟೋ ಹಾಕಿದೆ. ಫೋಟೋಶಾಪ್‌ನಲ್ಲಿ ಕತ್ತರಿಸಿದ್ದು ನೀಟಾಗೇ ಇದೆ. ಆದರೂ ನೋಡಿದವರೆಲ್ಲ ‘ಅಂಟಿಸಿದ್ದು’ ಅಂತಾರೆ. ನಾನು ಹೊಸಬ. ಯಾವ ಯಾವ ಕಡೆ ನೋಡಬೇಕು, ಮೊದಲು ಯಾವುದು?

ಜಮಖಂಡಿಯಿಂದ ಒಬ್ಬರು

ಎಲ್ಲಾ ಅಂಚಿನ ಆಟ ರೀ. ಅಂಚು ಬ್ಲೇಡ್‌ನಲ್ಲಿ ಕೊಯ್ದ ಹಾಗೆ ಚೂಪಾಗಿದ್ದರೆ ಅಂಟಿಸಿದ್ದು ಅಂತ ಗೊತ್ತಾಗೇ ಆಗುತ್ತದೆ. ಒಂದೆರಡು ಪಿಕ್ಸೆಲ್ Feather ಕೊಡಿ. ಕೂದಲ ಸುತ್ತ ಹಳೇ ಗೋಡೆಯ ಬಣ್ಣ ಗೆರೆಯಾಗಿ ಉಳಿದಿರುತ್ತದೆ. Select and Mask ಒಳಗೆ Decontaminate Colors ಟಿಕ್ ಮಾಡಿದರೆ ಅದು ಹೋಗುತ್ತದೆ. ಅಷ್ಟೇ, ಮುಗೀತು.

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಅಂಚಿನ ಮಾತು ಖರೇ, ಆದರೆ ಅದು ಕೊನೆಯ ಕೆಲಸ. ಅಂಚು ಎಷ್ಟೇ ಚೆನ್ನಾಗಿದ್ದರೂ ಬೆಳಕು ತಪ್ಪಿದ್ದರೆ ಕಣ್ಣು ಒಪ್ಪುವುದಿಲ್ಲ. ನೋಡಿದವರಿಗೆ ಯಾಕೆ ಅಂತ ಹೇಳಲು ಬರುವುದಿಲ್ಲ, ಏನೋ ಸರಿ ಇಲ್ಲ ಅಂತ ಮಾತ್ರ ಅನಿಸುತ್ತದೆ.

ಮೊದಲು ಮೂರು ವಿಷಯ ಹೇಳಿ. ಗುಮ್ಮಟದ ಫೋಟೋ ಯಾವ ತಿಂಗಳು, ಎಷ್ಟು ಗಂಟೆಗೆ ತೆಗೆದದ್ದು? ಪಡಸಾಲೆಯಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿತ್ತು? ಎರಡೂ ಸಲ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು?

ಕೇಳಿದವರು

ಗುಮ್ಮಟದ್ದು ಸಂಕ್ರಾಂತಿ ಹೊತ್ತಿಗೆ, ಬೆಳಿಗ್ಗೆ ಒಂಬತ್ತರ ಸುಮಾರು. ಮುಂದಿನ ದಾರಿಯಲ್ಲಿ ನಿಂತು ಮೊಬೈಲ್‌ನಲ್ಲಿ ತೆಗೆದೆ. ಪಡಸಾಲೆಯದ್ದು ಮಧ್ಯಾಹ್ನ, ಬಾಗಿಲ ಬೆಳಕು ಅವರ ಮುಖಕ್ಕೆ ನನ್ನ ಎಡಗಡೆಯಿಂದ ಬರುತ್ತಿತ್ತು. ಅಲ್ಲಿ ನಾನು ಸ್ಟೂಲ್ ಮೇಲೆ ಕೂತಿದ್ದೆ. ಅಪ್ಪ ಬಿಳಿ ಧೋತರ, ಕರಿ ಕೋಟು. ಅವ್ವ ಇಳಕಲ್ ಸೀರೆ. ಫ್ಲೆಕ್ಸ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಇಬ್ಬರನ್ನೂ ದೊಡ್ಡದು ಮಾಡಿ, ಪೂರ್ತಿ ಕಾಲು ಕಾಣುವ ಹಾಗೆ ನಿಲ್ಲಿಸಿದ್ದೇನೆ.

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಹಾಗಾದರೆ ಉತ್ತರ ನೀವೇ ಕೊಟ್ಟಿದ್ದೀರಿ. ಬಿಡಿಸಿ ಹೇಳುತ್ತೇನೆ.

ಗೋಳಗುಮ್ಮಟದ ಮುಂಬದಿ ದಕ್ಷಿಣಕ್ಕೆ. ಅದರ ಎದುರು ನಿಂತರೆ ನಿಮ್ಮ ಮುಖ ಉತ್ತರಕ್ಕೆ, ಪೂರ್ವ ಬಲಗೈಗೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಅಂದರೆ ಒಂಬತ್ತು ಗಂಟೆಗೆ ಬಿಸಿಲು ನಿಮ್ಮ ಬಲಗಡೆಯಿಂದ, ಸ್ವಲ್ಪ ಬೆನ್ನ ಹಿಂದಿನಿಂದ ಬರುತ್ತದೆ. ಕಟ್ಟಡದ ಬಲಮೂಲೆಯ ಮಿನಾರಿನ ಬಲಮೈ ಹೊಳೆಯುತ್ತಿರಬೇಕು, ನೋಡಿ. ಆದರೆ ಅಪ್ಪ-ಅವ್ವನ ಮುಖದಲ್ಲಿ ಎಡಗೆನ್ನೆ ಬೆಳಗಿದೆ. ನನ್ನ ಮಾತಿನಲ್ಲಿ ಎಡ-ಬಲ ಎಂದರೆ ಫೋಟೋ ನೋಡುವವರ ಎಡ-ಬಲ. ಒಂದೇ ಚಿತ್ರದಲ್ಲಿ ಎರಡು ಸೂರ್ಯ ಆಯಿತಲ್ಲ!

Flip Horizontal ಮಾಡಿದರೆ ಬೆಳಕು ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಮಾಡಬೇಡಿ. ಅವ್ವನ ಸೆರಗು ಇನ್ನೊಂದು ಹೆಗಲಿಗೆ ಹೋಗುತ್ತದೆ, ಅಪ್ಪನ ಕೋಟಿನ ಗುಂಡಿ ಮತ್ತು ಕಿಸೆ ಬದಿ ಬದಲಾಗುತ್ತವೆ. ಮನೆಯ ಹೆಣ್ಣುಮಕ್ಕಳು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಎರಡನೆಯದು ನೆರಳು. ಆ ಹೊತ್ತಿನಲ್ಲಿ ಸೂರ್ಯ ಇನ್ನೂ ಕೆಳಗೇ ಇರುತ್ತಾನೆ. ನಿಂತ ಮನುಷ್ಯನ ನೆರಳು ಅವನ ಎತ್ತರದ ಸುಮಾರು ಎರಡು ಪಟ್ಟು ಉದ್ದ, ಎಡಕ್ಕೆ ಮತ್ತು ಗುಮ್ಮಟದ ಕಡೆಗೆ ಬೀಳುತ್ತದೆ. ಲೆಕ್ಕ ಹಾಕಬೇಕಿಲ್ಲ. ನಿಮ್ಮ ಫೋಟೋದಲ್ಲೇ ದಾರಿಯ ಮೇಲೆ ಜನ ಅಥವಾ ಕಂಬ ಇದ್ದರೆ ಅದರ ನೆರಳನ್ನು ನೋಡಿ. ನಿಮ್ಮವರ ನೆರಳೂ ಅದೇ ದಿಕ್ಕಿಗೆ, ಅದೇ ಅಳತೆಯಲ್ಲಿ ಬೀಳಬೇಕು. Drop Shadow ಹಾಕಿದ್ದರೆ ಮೊದಲು ತೆಗೆಯಿರಿ. ಅದು ಬೆನ್ನ ಹಿಂದೆ ಒಂದು ಗೋಡೆ ಇದೆ ಅಂತ ಹೇಳುತ್ತದೆ, ನೆಲ ಇದೆ ಅಂತಲ್ಲ.

ಇದಕ್ಕಿಂತ ಮುಖ್ಯವಾದ ನೆರಳು ಇನ್ನೊಂದಿದೆ. ಚಪ್ಪಲಿ ನೆಲಕ್ಕೆ ತಾಗುವ ಜಾಗದಲ್ಲಿ ಕಿರಿದಾದ, ತುಂಬಾ ಕಪ್ಪಾದ ಗೆರೆ ಇರುತ್ತದೆ. ಅದು ಇಲ್ಲದಿದ್ದರೆ ಮನುಷ್ಯ ತೇಲುತ್ತಾನೆ. ಹೊಸ ಲೇಯರ್ ತೆಗೆದು Multiply ಇಟ್ಟು, ಸಣ್ಣ ಬ್ರಷ್‌ನಿಂದ ಹಿಮ್ಮಡಿಯ ಕೆಳಗೆ ಬರೆಯಿರಿ. ಉದ್ದನೆಯ ನೆರಳು ಪಾದದ ಹತ್ತಿರ ಚೂಪು, ದೂರ ಹೋದಂತೆ ಮಸುಕು. ಬಣ್ಣ ಬರೇ ಕಪ್ಪಲ್ಲ. ಬಿಸಿಲಿನ ನೆರಳಿಗೆ ಆಕಾಶದ ಬೆಳಕು ಬೀಳುವುದರಿಂದ ಸ್ವಲ್ಪ ನೀಲಿ ಇರುತ್ತದೆ.

ಮೂರನೆಯದು ಎತ್ತರ. ನಿಮ್ಮ ಚಿತ್ರದಲ್ಲಿ ದೊಡ್ಡ ತಪ್ಪು ಇದೇ ಇರಬೇಕು ಅಂತ ನನ್ನ ಅಂದಾಜು. ದಾರಿಯ ಎರಡೂ ಅಂಚಿನ ಮೇಲೆ ಗೆರೆ ಎಳೆದು ದೂರಕ್ಕೆ ಮುಂದುವರಿಸಿ. ಎರಡೂ ಕೂಡುವ ಬಿಂದುವಿನಲ್ಲಿ ಒಂದು ಅಡ್ಡ ಗೆರೆ ಹಾಕಿ. ಅದು ನಿಮ್ಮ ಮೊಬೈಲ್ ಇದ್ದ ಎತ್ತರ, ಸುಮಾರು ಐದು ಅಡಿ ಅನ್ನಿ. ಸಮ ನೆಲದ ಮೇಲೆ ಹತ್ತಿರ ನಿಂತವರಿಗೂ ದೂರ ನಿಂತವರಿಗೂ ಆ ಗೆರೆ ಐದು ಅಡಿಯಲ್ಲೇ ಹಾಯುತ್ತದೆ. ಅಪ್ಪ ಐದೂವರೆ ಅಡಿ ಇದ್ದರೆ ಗೆರೆ ಗದ್ದದ ಹತ್ತಿರ ಬರಬೇಕು. ಅವ್ವ ಐದು ಅಡಿ ಇದ್ದರೆ ನೆತ್ತಿಯ ಹತ್ತಿರ. ನಿಮ್ಮಲ್ಲಿ ಅದು ಸೊಂಟಕ್ಕೋ ಮೊಣಕಾಲಿಗೋ ಬರುತ್ತಿದ್ದರೆ, ಅವರು ಎಂಟರಿಂದ ಹದಿನೆಂಟು ಅಡಿ ಎತ್ತರದ ಮನುಷ್ಯರು ಅಂತ ಕಣ್ಣು ಓದುತ್ತದೆ. ಮೆಟ್ಟಿಲ ಮೇಲೆ ಅಥವಾ ಕಟ್ಟೆಯ ಮೇಲೆ ನಿಂತವರಿಗೆ ಈ ಲೆಕ್ಕ ಹೊಂದುವುದಿಲ್ಲ, ಬರೇ ಸಮ ನೆಲಕ್ಕೆ.

ಅವರನ್ನು ದೊಡ್ಡದು ಮಾಡಬಹುದು, ಆದರೆ ಅಪ್ಪನ ಗದ್ದವನ್ನು ಆ ಗೆರೆಯ ಮೇಲೇ ಇಟ್ಟು ದೊಡ್ಡದು ಮಾಡಿ. ಆಗ ಪಾದ ಚೌಕಟ್ಟಿನ ಕೆಳಗೆ ಇಳಿದು ಹೋಗುತ್ತದೆ. ಹೋಗಲಿ ಬಿಡಿ. ಸೊಂಟದವರೆಗೆ ಮಾತ್ರ ಉಳಿದರೆ ನೆಲದ ನೆರಳಿನ ತಲೆನೋವೂ ಹೆಚ್ಚುಕಡಿಮೆ ತಪ್ಪುತ್ತದೆ.

ಗೋಕಾಕದಿಂದ ಒಬ್ಬ ಅಕ್ಕ

ನಂದೂ ಇದೇ ತೊಂದರೆ. ತೀರಿಹೋದ ನಮ್ಮ ಅಜ್ಜನ ಹಳೇ ಕಪ್ಪು-ಬಿಳುಪು ಫೋಟೋ ಇದೆ, ಅದನ್ನು ಈಗಿನ ಮನೆಮಂದಿಯ ಫೋಟೋದಲ್ಲಿ ಸೇರಿಸಬೇಕು. ಬಣ್ಣ ತುಂಬಿಸಿದೆ, ಆದರೂ ಬೇರೆಯೇ ಕಾಣುತ್ತಾರೆ. ಮೈಗೆ ಬಣ್ಣ ಯಾವುದು ಹಾಕಬೇಕು?

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಅಕ್ಕಾರೆ, ಬಣ್ಣ ಹಾಕುವುದಕ್ಕಿಂತ ಉಳಿದವರ ಬಣ್ಣ ತೆಗೆಯುವುದು ಸುಲಭ. ಇಡೀ ಫೋಟೋ ಕಪ್ಪು-ಬಿಳುಪು ಮಾಡಿ. ಹಳೇ ಫೋಟೋದಲ್ಲಿ ಕಾಳು ಕಾಳು ಇರುತ್ತದೆ, ಹೊಸದು ನುಣ್ಣಗಿರುತ್ತದೆ. 200% ಹಿಗ್ಗಿಸಿ ನೋಡಿದರೆ ಗೊತ್ತಾಗುತ್ತದೆ. ಹೊಸಬರ ಮೇಲೆ ಅಷ್ಟೇ ಕಾಳು ಬರುವ ಹಾಗೆ Add Noise ಹಾಕಿ, ಅಜ್ಜ ಎಷ್ಟು ಮಸುಕೋ ಅಷ್ಟೇ ಮಸುಕನ್ನೂ ಕೊಡಿ. ಮಸುಕಾದ ಅಜ್ಜನನ್ನು ಚೂಪು ಮಾಡಲು ಹೋಗಬೇಡಿ, ಇಲ್ಲದ ವಿವರ ಬರುವುದಿಲ್ಲ. ಬೆಳಕಿನ ದಿಕ್ಕು ಮಾತ್ರ ಇದರಿಂದ ಸರಿ ಹೋಗುವುದಿಲ್ಲ. ಅಜ್ಜನ ಮೂಗಿನ ನೆರಳು ಯಾವ ಕಡೆ ಇದೆಯೋ ಅದಕ್ಕೆ ಹೊಂದುವ ಮನೆಮಂದಿಯ ಫೋಟೋ ಹುಡುಕಿ.

ಬೆಳಗಾವಿಯಲ್ಲಿ ಫ್ಲೆಕ್ಸ್ ಅಂಗಡಿಯವರು

ನಮ್ಮ ಅನುಭವ ಹೇಳುತ್ತೇನೆ. ಫ್ಲೆಕ್ಸನ್ನು ಜನ ದೂರದಿಂದ ನೋಡುತ್ತಾರೆ. ಕೂದಲ ಅಂಚು ಯಾರಿಗೂ ಕಾಣುವುದಿಲ್ಲ. ಕಾಣುವುದು ಕಪ್ಪು. ಗಿರಾಕಿಗಳು ಮನುಷ್ಯರಿಗೆ ಕಾಂಟ್ರಾಸ್ಟ್ ಜಾಸ್ತಿ ಕೊಟ್ಟು ತರುತ್ತಾರೆ. ಹಿನ್ನೆಲೆ ಮಂಜು ಮಂಜು, ಮುಂದೆ ಕೋಟು ಟಾರಿನ ಹಾಗೆ. ಅಲ್ಲೇ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಒಳ್ಳೇ ಮಾತು, ಅದನ್ನೇ ಹೇಳುವವನಿದ್ದೆ. ಎಲ್ಲದರ ಮೇಲೆ ಒಂದು Black & White ಲೇಯರ್ ಇಡಿ. ಬಣ್ಣ ಹೋದ ಮೇಲೆ ಕಪ್ಪು-ಬಿಳುಪಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಪ್ಪನ ಕೋಟನ್ನು ಗುಮ್ಮಟದ ಬಾಗಿಲ ಕತ್ತಲಿಗೆ ಹೋಲಿಸಬೇಡಿ, ಅದು ದೂರದ್ದು. ದೂರದ ಕಪ್ಪು ಗಾಳಿಯ ಧೂಳಿನಿಂದ ಬೂದಿಯಾಗುತ್ತದೆ. ಹತ್ತಿರದ ಗಿಡದ ಬುಡದ ಕತ್ತಲಿಗೆ ಹೋಲಿಸಿ. Info ಕಿಟಕಿಯಲ್ಲಿ ಆ ಕತ್ತಲು 18 ತೋರಿಸಿ ಕೋಟು 3 ತೋರಿಸಿತು ಅನ್ನಿ. ಆಗ ಅಪ್ಪ-ಅವ್ವನ ಲೇಯರ್‌ಗೆ ಮಾತ್ರ Levels ಹಾಕಿ, Output Levels ಎಡಗಡೆಯ 0 ಜಾಗದಲ್ಲಿ 15ರ ಸುಮಾರು ಇಡಿ. ಕೋಟು ಅಲ್ಲಿಗೆ ಏರುತ್ತದೆ.

ಆಮೇಲೆ ಆ ಕಪ್ಪು-ಬಿಳುಪಿನ ಲೇಯರ್ ಮುಚ್ಚಿ ಧೋತರ ನೋಡಿ. ಬೆಳಗಿನ ಬಿಸಿಲು ಹಳದಿ, ಪಡಸಾಲೆಯ ಬೆಳಕು ತಣ್ಣಗೆ ನೀಲಿ. ಧೋತರ ನೀಲಿ ಬಿಳಿ ಇದ್ದರೆ ಬಿಸಿಲು ಬೀಳುವ ಬದಿಗೆ ಸ್ವಲ್ಪ ಹಳದಿ ಕೊಡಿ. ನೆರಳಿನ ಬದಿಯನ್ನು ಹಾಗೇ ಬಿಡಿ.

ಅಥಣಿಯಿಂದ ಒಬ್ಬರು

ಇಷ್ಟೆಲ್ಲ ತಿದ್ದುವ ಬದಲು ಮತ್ತೆ ತೆಗೆಯಬಾರದೇ? ಮಾಳಿಗೆ ಅಥವಾ ಅಂಗಳದಲ್ಲಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆಯುವಾಗ ಎದ್ದು ನಿಂತರೆ ಸಾಕು. ಒಂಬತ್ತು ಗಂಟೆಗೆ ನೀವು ಉತ್ತರಕ್ಕೆ ಮುಖ ಮಾಡಿ ನಿಂತು, ಮೊಬೈಲನ್ನು ಐದು ಅಡಿಯಲ್ಲಿ ಹಿಡಿದರೆ ಬೆಳಕು, ಎತ್ತರ, ಬಣ್ಣ ಎಲ್ಲಾ ಬಹಳಷ್ಟು ತಾನೇ ಹೊಂದುತ್ತದೆ. ಆದರೆ ತಿಂಗಳು ನೋಡಿಕೊಳ್ಳಿ. ಬೇಸಿಗೆಯಲ್ಲಿ ಒಂಬತ್ತಕ್ಕೆ ಸೂರ್ಯ ಬಹಳ ಮೇಲೆ ಬಂದಿರುತ್ತಾನೆ, ಬೇಗ ತೆಗೆಯಬೇಕು.

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಆಗುವುದಾದರೆ ಅದೇ ಒಳ್ಳೆಯದು. ಆದರೆ ಮೇ ಮೊದಲ ವಾರ ದಾಟಿದರೆ ಆಗಸ್ಟ್ ಶುರುವಿನವರೆಗೆ ನಮ್ಮ ಕಡೆ ಸೂರ್ಯ ನಡುಹಗಲಲ್ಲೂ ಉತ್ತರಕ್ಕೇ ಇರುತ್ತಾನೆ. ಆಗ ಬೆಳಗಿನ ಬಿಸಿಲು ಅವರ ಬೆನ್ನ ಕಡೆಯಿಂದ ಬರುತ್ತದೆ, ಮುಖ ಕಪ್ಪಾಗುತ್ತದೆ. ದಿಕ್ಸೂಚಿ ನೆಚ್ಚಬೇಡಿ, ಕೆನ್ನೆಯ ಮೇಲಿನ ನೆರಳನ್ನು ನೋಡಿ ನೀವೇ ತಿರುಗಿ ನಿಲ್ಲಿ.

ಜಮಖಂಡಿಯಿಂದ ಒಬ್ಬರು

ಸೊಂಟದವರೆಗೆ ಕತ್ತರಿಸಿದರೆ ಇಳಕಲ್ ಸೀರೆಯ ಅಂಚು, ನಿರಿಗೆ ಎಲ್ಲಾ ಹೋಗುತ್ತವಲ್ಲ ರೀ? ಐವತ್ತು ವರ್ಷದ ಫ್ಲೆಕ್ಸ್‌ನಲ್ಲಿ ಅದು ಇರಲೇಬೇಕು. ಇಬ್ಬರನ್ನೂ ಸ್ವಲ್ಪ ಚಿಕ್ಕದು ಮಾಡಿ ಪೂರ್ತಿ ನಿಲ್ಲಿಸಿ, ನೆರಳು ಬರೆಯಿರಿ ಅಂತೇನೆ ನಾನು.

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಮಾಡಬಹುದು, ಗದ್ದ ಗೆರೆಯ ಮೇಲೆ ಇರುವವರೆಗೆ. ಆದರೆ ಸ್ಟೂಲ್ ಮೇಲೆ ಕೂತು ತಗ್ಗಿನಿಂದ ತೆಗೆದ ಫೋಟೋದಲ್ಲಿ ಪಾದದ ಮೇಲ್ಭಾಗ ಚಪ್ಪಟೆಯಾಗಿ ಕಾಣುತ್ತದೆ, ಐದು ಅಡಿಯಿಂದ ನೋಡಿದ ನೆಲ ಹಾಗೆ ಕಾಣುವುದಿಲ್ಲ. ಪೂರ್ತಿ ಕಾಲು ಬೇಕೇ ಬೇಕು ಅಂದರೆ ಮತ್ತೆ ತೆಗೆಯುವುದೇ ಸೈ.

ಕೇಳಿದವರು

ಗೆರೆ ಎಳೆದು ನೋಡಿದೆ ಸರ್. ಅಪ್ಪನ ಮೊಣಕಾಲಿಗೆ ಬಂತು. ಈಗ ಸೊಂಟದವರೆಗೆ ಇಳಿಸಿದ ಮೇಲೆ ಗುಮ್ಮಟ ಹಿಂದೆ ಹೋಗಿ ಕೂತಿತು. ಸೀರೆ ಬಿಡಲು ಮಾತ್ರ ನಮ್ಮ ಅಕ್ಕ ಒಪ್ಪುತ್ತಿಲ್ಲ, ಭಾನುವಾರ ಮಾಳಿಗೆಯ ಮೇಲೂ ತೆಗೆದು ನೋಡುತ್ತೇವೆ. ಇನ್ನೊಂದು ಕೇಳಬೇಕಿತ್ತು. ಅಪ್ಪನ ಚಷ್ಮಾದಲ್ಲಿ ನಮ್ಮ ಪಡಸಾಲೆಯ ಬಾಗಿಲು ಬೆಳ್ಳಗೆ ಕಾಣುತ್ತಿದೆ. ಪೂರ್ತಿ ಅಳಿಸಿಬಿಡಲೇ?

ಬಾಗಲಕೋಟೆಯಲ್ಲಿ ಸ್ಟುಡಿಯೋ ಇರುವವರು

ಪೂರ್ತಿ ಅಳಿಸಿದರೆ ಗಾಜೇ ಇಲ್ಲದ ಚೌಕಟ್ಟಿನ ಹಾಗೆ ಕಾಣುತ್ತದೆ. ಬಾಗಿಲ ಚೌಕದ ಆಕಾರ ಮಾತ್ರ ಒಡೆಯಿರಿ, ಮೇಲಿನ ಅಂಚಿನಲ್ಲಿ ಆಕಾಶದ ತೆಳು ಬಿಳುಪು ಉಳಿಸಿ. ಮಾಳಿಗೆಯ ಮೇಲೆ ತೆಗೆಯುವಾಗ ಅಪ್ಪನಿಗೆ ಗದ್ದ ಒಂಚೂರು ಕೆಳಗೆ ಮಾಡಲು ಹೇಳಿ, ಆ ಹೊಳಪು ಕಣ್ಣಿನ ಮೇಲಿಂದ ಸರಿಯುತ್ತದೆ.