ಬಯಲಾಟದ ಲೈವ್: ನಡೆಯುವಾಗ 90, ಮುಗಿದ ಮೇಲೆ 2,700. ಯಾವ ಲೆಕ್ಕ ಹೇಳಲಿ?

ಸಿರುಗುಪ್ಪ_ಲೈವ್:
ಜಾತ್ರೆಗೆ ಆಡಿದ ಬಯಲಾಟವನ್ನು ಯೂಟ್ಯೂಬಿನಲ್ಲಿ ಲೈವ್ ಹಾಕಿದ್ದೆ. ರಾತ್ರಿ 10ರಿಂದ ಬೆಳಗಿನ 4ರವರೆಗೆ, 6 ತಾಸು. ನಡೆಯುವಾಗ 80, 90 ಅಂತಲೇ ತೋರಿಸುತ್ತಿತ್ತು. 11ರ ಸುಮಾರಿಗೆ ಒಮ್ಮೆ 214 ಮುಟ್ಟಿತು. ಮುಗಿದ ಕೂಡಲೇ ವ್ಯೂಸ್ 2,700, ಮರುದಿನ ಸಂಜೆ 4,150! ಜಾಹೀರಾತು ಕೊಟ್ಟ ಗೊಬ್ಬರದ ಅಂಗಡಿಯವರು ರಾತ್ರಿ ತಾವೇ ನೋಡಿದ್ದಾರೆ. "ನೂರು ಮಂದಿ ಇರಲಿಲ್ಲ, ನಾಲ್ಕು ಸಾವಿರ ಎಲ್ಲಿಂದ ಬಂತು?" ಅಂತಾರೆ.

ಕೊಪ್ಪಳ_ಹುಡುಗ:
ಲೈವ್‌ನಲ್ಲಿ ಕಾಣೋದೇ ನಿಜವಾದ ಜನ. ವ್ಯೂಸ್ ಅಂದ್ರೆ ಅವರೇ ಹತ್ತು ಸಲ ಒಳಗೆ ಹೊರಗೆ ಓಡಾಡಿದ್ದು. 214 ಅಂತ ಹೇಳಿಬಿಡಿ.

ಬಳ್ಳಾರಿ_ಮಿಕ್ಸರ್:
ನನಗೂ ಹೀಗೇ ಜನ ನಿಲ್ಲುತ್ತಿರಲಿಲ್ಲ. ಬಿಟ್‌ರೇಟ್ ಇಳಿಸಿ ನೋಡಿ.

ರಾಯಚೂರು_ಸ್ಟ್ರೀಮ್:
ಬಿಟ್‌ರೇಟಿನ ಮಾತು ಇಲ್ಲಿಲ್ಲ ಸರ್. ಕೊಪ್ಪಳದ ತಮ್ಮ ಹೇಳಿದ್ದು ಅರ್ಧ ಸರಿ. ಒಬ್ಬರೇ ಮತ್ತೆ ಬಂದರೆ ವ್ಯೂಸ್ ಏರುತ್ತೆ, ನಿಜ. ಆದರೆ 214 ಅನ್ನೋದು ಆ ಒಂದು ಗಳಿಗೆಯಲ್ಲಿ ಒಟ್ಟಿಗೆ ನೋಡುತ್ತಿದ್ದವರು. 10ಕ್ಕೆ ಗಣಪತಿ ಪೂಜೆ ನೋಡಿ ಮಲಗಿದವರು ಅದರಲ್ಲಿಲ್ಲ, 2 ಗಂಟೆಗೆ ಎದ್ದು ನೋಡಿದವರೂ ಇಲ್ಲ.

ಒಟ್ಟಿಗೆ ನೋಡಿದವರ ಸರಾಸರಿ ಯೂಟ್ಯೂಬ್ ಸ್ಟುಡಿಯೋದಲ್ಲಿ ಎಷ್ಟಿದೆ?

ಸಿರುಗುಪ್ಪ_ಲೈವ್:
90 ಅಣ್ಣ.

ರಾಯಚೂರು_ಸ್ಟ್ರೀಮ್:
ಹಾಗಾದರೆ 90 ಮಂದಿ 6 ತಾಸು ಕೂತ ಲೆಕ್ಕ, 540 ತಾಸು. ನಿಮಿಷದಲ್ಲಿ 32,400. ಇದನ್ನು 2,700ರಿಂದ ಭಾಗಿಸಿ. ಒಂದು ವ್ಯೂಗೆ 12 ನಿಮಿಷ ಬರುತ್ತೆ. ಇಡೀ ರಾತ್ರಿಯ ಆಟಕ್ಕೆ ಜನ ಬಂದು, ಸ್ವಲ್ಪ ನೋಡಿ ಹೋಗೋದು ಸಹಜ ಅಲ್ವಾ? ಲೈವ್‌ನ ಸರಾಸರಿ ನೋಡಿದ ಹೊತ್ತು ಸ್ಟುಡಿಯೋದಲ್ಲೂ 12ರ ಹತ್ತಿರವೇ ಇದ್ದರೆ ಎರಡೂ ಅಂಕಿ ಒಂದಕ್ಕೊಂದು ತಾಳೆಯಾದ ಹಾಗೆ. 2 ನಿಮಿಷ ಅಂತ ಇದ್ದರೆ ಎಲ್ಲೋ ತಪ್ಪಿದೆ, ಮತ್ತೆ ನೋಡಬೇಕು.

ಉಳಿದ 1,450 ಆಮೇಲೆ ರೆಕಾರ್ಡಿಂಗ್ ನೋಡಿದ್ದು. ಅದನ್ನು ಲೈವ್ ಲೆಕ್ಕಕ್ಕೆ ಸೇರಿಸಿ ಹೇಳಬೇಡಿ. ಅಂಗಡಿಯ ಬ್ಯಾನರ್ ವಿಡಿಯೊದಲ್ಲೇ ಇದ್ದರೆ ರೆಕಾರ್ಡಿಂಗ್ ನೋಡಿದವರೂ ಅದನ್ನು ನೋಡಿರಬಹುದು, ಆದರೆ ಬೇರೆಯಾಗಿಯೇ ಬರೆದು ಕೊಡಿ. ಅನಾಲಿಟಿಕ್ಸ್‌ನಲ್ಲಿ ಪೂರ್ತಿ ಅಂಕಿ ಬರಲು ಒಂದೆರಡು ದಿನ ಬೇಕು, ಅಲ್ಲಿವರೆಗೆ ತಡೆಯಿರಿ.

ಸಿರುಗುಪ್ಪ_ಲೈವ್:
12:30ಕ್ಕೆ ನೆಟ್ ಹೋಗಿತ್ತು. ಗ್ರಾಫ್ ಪೂರ್ತಿ ಕೆಳಗೆ ಬಿದ್ದು ಮತ್ತೆ 70ಕ್ಕೆ ಎದ್ದಿದೆ. ಈ 70 ಮಂದಿ ಎರಡು ಸಲ ಎಣಿಕೆಯಾದರಾ?

ರಾಯಚೂರು_ಸ್ಟ್ರೀಮ್:
ಪುಟ ಬಿಟ್ಟು ಮತ್ತೆ ಬಂದವರು ಇನ್ನೊಂದು ವ್ಯೂ ಆಗಿರುತ್ತಾರೆ. ಎಷ್ಟು ಮಂದಿ ಹಾಗೆ ಮಾಡಿದರು ಅಂತ ಗ್ರಾಫ್ ಹೇಳಲ್ಲ. ಅದಕ್ಕೇ 2,700 ಜನ ಅನ್ನಬೇಡಿ, 2,700 ಸಲ ನೋಡಿದ್ದಾರೆ ಅನ್ನಿ.

ಕೊಪ್ಪಳ_ಹುಡುಗ:
ನಮ್ಮೂರ ಕಟ್ಟೆಯಲ್ಲಿ ಟಿವಿ ಇಟ್ಟು ಇಪ್ಪತ್ತು ಮಂದಿ ನೋಡ್ತಾರೆ. ಅದು?

ರಾಯಚೂರು_ಸ್ಟ್ರೀಮ್:
ಅದು ಒಂದೇ ವ್ಯೂ. ಅಂಥ ಕಟ್ಟೆಗಳು ಎಷ್ಟಿವೆ ಅಂತ ಊರವರನ್ನೇ ಕೇಳಬೇಕು.