ಅಪ್‌ಡೇಟ್: ಸಾಲ ತೀರಿದ ಮೇಲೆ ಮೂಲ ಪತ್ರಗಳು

ನಾನು ಕೇಳಿದ್ದು: "ಗೃಹಸಾಲ ಪೂರ್ತಿ ಕಟ್ಟಿ ತಿಂಗಳು ದಾಟಿತು, ಮೂಲ ಕ್ರಯಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಎನ್‌ಒಸಿ ಇದ್ದರೆ ಸಾಕಾ?"

ಸಾಲದು. ಮನೆ ನಮ್ಮ ಹೆಸರಲ್ಲೇ ಇರುತ್ತದೆ. ಬ್ಯಾಂಕ್ ಮೂಲ ಪತ್ರಗಳನ್ನು ಅಡಮಾನವಾಗಿ ಇಟ್ಟುಕೊಂಡಿರುತ್ತದೆ, ಅಷ್ಟೇ. ಸಾಲ ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಟ್ಟು, ಆಸ್ತಿಯ ಮೇಲಿನ ಋಣಭಾರವನ್ನೂ ತೆಗೆಸಬೇಕು ಎಂಬುದು ಆರ್‌ಬಿಐ ನಿಯಮ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ತಪ್ಪು ಬ್ಯಾಂಕಿನದಾದರೆ ತಡವಾದ ದಿನಕ್ಕೆ ₹5,000 ಪರಿಹಾರ.

ಲೆಕ್ಕ ಹೀಗೆ: ಮಾರ್ಚ್ 3ಕ್ಕೆ ಸಾಲ ಮುಗಿದರೆ ಗಡುವು ಏಪ್ರಿಲ್ 2. ಪತ್ರ ಏಪ್ರಿಲ್ 14ಕ್ಕೆ ಕೈಸೇರಿದರೆ 12 ದಿನ, ₹60,000. ಪತ್ರವನ್ನೇ ಕಳೆದಿದ್ದರೆ ಬ್ಯಾಂಕಿಗೆ ಇನ್ನೂ 30 ದಿನ ಸಿಗುತ್ತದೆ. ಆದರೆ ದೃಢೀಕೃತ ನಕಲು ತೆಗೆಸುವ ಖರ್ಚು ಅವರದೇ.

ಪತ್ರ ತೆಗೆದುಕೊಳ್ಳುವಾಗ, ಸಾಲ ಪಡೆದ ದಿನ ಕೊಟ್ಟ ದಾಖಲೆ ಪಟ್ಟಿಯ ಜೊತೆ ಒಂದೊಂದೇ ಹಾಳೆ ತಾಳೆ ನೋಡಿ, ಆಮೇಲೆ ಸಹಿ ಹಾಕಿ. ಹಳೆಯ ಮಾಲೀಕರ ತಾಯಿಪತ್ರವೂ ತಪ್ಪಿಹೋಗಿರಬಹುದು.

ಅಡಮಾನ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಇಲ್ಲದಿದ್ದರೆ ಆಸ್ತಿಯ ಋಣಭಾರ ತೋರಿಸುವ ಇಸಿಯಲ್ಲಿ ಸಾಲ ಹಾಗೇ ಕಾಣುತ್ತಿರುತ್ತದೆ, ಮಾರುವ ದಿನ ಕೊಳ್ಳುವವರ ವಕೀಲರು ಅಲ್ಲೇ ತಡೆಯುತ್ತಾರೆ.