20 ಮತ್ತು 35ಕ್ಕೆ ಉತ್ತರ 30 ಬರುತ್ತಿದೆ, ಎಲ್ಲಿ ತಪ್ಪಿದೆ?

ಬಳ್ಳಾರಿ ಬಿಸಿಲು
ಸರ್ಚ್ ಟ್ರೀಯಲ್ಲಿ ಎರಡು ಕೀಗಳ ಲೋಯೆಸ್ಟ್ ಕಾಮನ್ ಆನ್ಸೆಸ್ಟರ್ ಹುಡುಕಬೇಕು. ಪೇರೆಂಟ್ ಪಾಯಿಂಟರ್ ಇಲ್ಲ, ಚಿಕ್ಕದು ಎಡಕ್ಕೆ ದೊಡ್ಡದು ಬಲಕ್ಕೆ ಅನ್ನುವ ನಿಯಮ ಒಂದೇ ಬಳಸಬೇಕು. 50, 20, 70, 10, 35, 60, 90, 30, 40 ಇದೇ ಕ್ರಮದಲ್ಲಿ ಸೇರಿಸಿದ್ದೇನೆ. 10 ಮತ್ತು 40ಕ್ಕೆ 20 ಸರಿಯಾಗಿ ಬರುತ್ತದೆ. ಆದರೆ 20 ಮತ್ತು 35 ಕೊಟ್ಟರೆ 30 ಬರುತ್ತಿದೆ! ನಾಳೆ ಲ್ಯಾಬ್ ಇದೆ, ಯಾರಾದರೂ ನೋಡಿ.

```c
while (n != NULL) {
    if (a <= n->key && b <= n->key)
        n = n->left;
    else if (a >= n->key && b >= n->key)
        n = n->right;
    else
        return n;
}
return NULL;
```

ರಾಯಚೂರು ಮೇಡಂ
ಎರಡು ಸಾಲಿನಲ್ಲಿರುವ `=` ತೆಗೆದುಹಾಕಿ. ಬರೀ `<` ಮತ್ತು `>` ಇರಲಿ.

ಯಾಕೆ ಅಂತ ಒಮ್ಮೆ ಕೈಯಲ್ಲೇ ನಡೆಸಿ ನೋಡಿ. 50ರಲ್ಲಿ ಎರಡೂ ಚಿಕ್ಕವು, ಎಡಕ್ಕೆ ಹೋದಿರಿ, ಸರಿ. 20ಕ್ಕೆ ಬಂದಿರಿ. ಅಲ್ಲೇ ನಿಲ್ಲಬೇಕಿತ್ತು, ಹುಡುಕುವ ಕೀಗಳಲ್ಲಿ ಒಂದು ಅದೇ. ಆದರೆ ನಿಮ್ಮ ಕೋಡ್ 20 >= 20 ನಿಜ, 35 >= 20 ನಿಜ ಅಂದುಕೊಂಡು ಬಲಕ್ಕೆ, 35ಕ್ಕೆ ಹೋಯಿತು. ಅಲ್ಲಿ 20 <= 35, 35 <= 35, ಎರಡೂ ನಿಜ. ಹಾಗಾಗಿ ಎಡಕ್ಕೆ, 30ಕ್ಕೆ. ಅಲ್ಲಿ 20 ಈ ಕಡೆ, 35 ಆ ಕಡೆ ಬಿತ್ತು, 30 ಅಂತ ಹೇಳಿಬಿಟ್ಟಿತು. 30 ಇರುವುದೇ 35ರ ಕೆಳಗೆ, ಅದು ಇವರಿಬ್ಬರಿಗೆ ಹಿರಿಯ ಹೇಗಾಗುತ್ತದೆ?

10 ಮತ್ತು 40ರಲ್ಲಿ ಈ ತಪ್ಪು ಕಾಣಲಿಲ್ಲ, ಯಾಕೆಂದರೆ ದಾರಿಯಲ್ಲಿ ಎಲ್ಲೂ ಸಮ ಬರಲೇ ಇಲ್ಲ. ಒಂದು ಕೀ ಇನ್ನೊಂದರ ಮೇಲೆಯೇ ಇದ್ದಾಗ ಮಾತ್ರ ಇದು ಬಯಲಾಗುತ್ತದೆ. ಟೆಸ್ಟ್ ಮಾಡುವಾಗ ಅಂಥ ಒಂದು ಜೋಡಿ ಇರಲೇಬೇಕು.

ಬಳ್ಳಾರಿ ಬಿಸಿಲು
ಬಂತು ಮೇಡಂ, 20 ಬಂತು! ಆದರೆ ಒಂದು ಅನುಮಾನ. 20 ತನಗೆ ತಾನೇ ಹಿರಿಯ ಅನ್ನುವುದು ವಿಚಿತ್ರ ಅನಿಸುತ್ತದೆ.

ಸಿರುಗುಪ್ಪ ಸ್ಟಾಪ್
ತಮ್ಮಾ, ಇಬ್ಬರು ಬಳ್ಳಾರಿಯಲ್ಲಿ ಒಂದೇ ಬಸ್ ಹತ್ತಿದರು ಅಂದುಕೋ. ಒಬ್ಬ ಸಿರುಗುಪ್ಪಕ್ಕೆ, ಇನ್ನೊಬ್ಬ ಸಿಂಧನೂರಿಗೆ. ಎಲ್ಲಿವರೆಗೆ ಜೊತೆ? ಸಿರುಗುಪ್ಪದವರೆಗೆ. ಅಲ್ಲಿ ಒಬ್ಬ ಇಳಿದ, ಆಟ ಮುಗೀತು. ಅವನ ಊರೇ ಕೊನೆಯ ಜೊತೆ ಸ್ಟಾಪ್. ನಿನ್ನ ಕೋಡ್ ಮಲಗಿದ್ದ ಅವನನ್ನು ಸಿಂಧನೂರಿನ ಕಡೆ ಹೊತ್ತುಕೊಂಡು ಹೋಗಿತ್ತು ಅಷ್ಟೇ 😄

ಗಂಗಾವತಿ ಗಣಕ
ಇಷ್ಟೆಲ್ಲ ಯಾಕ್ರೀ? ಎರಡು ಕೀಗಳ ನಡುವೆ ಬೀಳುವ ನೋಡ್ ಯಾವುದೋ ಅದೇ ಉತ್ತರ. ಇನ್‌ಆರ್ಡರ್‌ನಲ್ಲಿ ಹೋಗಿ, ನಡುವೆ ಸಿಕ್ಕ ಮೊದಲನೆಯದನ್ನು ಕೊಡಿ. ನಾನು ಹಾಗೇ ಬರೆದು ಪಾಸಾಗಿದ್ದೇನೆ.

ರಾಯಚೂರು ಮೇಡಂ
ಅರ್ಧ ಸರಿ. 10 ಮತ್ತು 60 ತಗೊಳ್ಳಿ. ನಡುವೆ 20, 30, 35, 40, 50 ಐದು ಇವೆ. ಇನ್‌ಆರ್ಡರ್‌ನಲ್ಲಿ ಹೋದರೆ 10 ಆದ ಮೇಲೆ ಮೊದಲು ಸಿಗುವುದು 20. ನಿಜವಾದ ಉತ್ತರ 50.

ರೂಟ್‌ನಿಂದ ಕೆಳಗೆ ಬರುವಾಗ ಮೊದಲು ಸಿಗುವ ನಡುವಿನ ನೋಡ್ ಅನ್ನಿ, ಆ ಎರಡು ಕೀಗಳನ್ನೂ ಸೇರಿಸಿಕೊಂಡು, ಆಗ ಪೂರ್ತಿ ಸರಿ. ಎರಡೂ ಕೀ ಒಂದೇ ಕಡೆ ಇರುವವರೆಗೆ ಎರಡರ ದಾರಿಯೂ ಒಂದೇ. ಮೊದಲ ಸಲ ನಡುವಿನ ನೋಡ್ ಸಿಕ್ಕಾಗ ದಾರಿ ಕವಲೊಡೆಯಿತು. ಆಮೇಲೆ ಅದರ ಎಡಭಾಗದಲ್ಲಿ ಒಂದು ಕೀ ಇರುತ್ತದೆ, ಬಲದಲ್ಲಿ ಇನ್ನೊಂದು, ಇಲ್ಲವೇ ಆ ನೋಡೇ ಒಂದು ಕೀ ಆಗಿರುತ್ತದೆ. ಎರಡನ್ನೂ ಇಟ್ಟುಕೊಂಡ ನೋಡ್ ಅದರ ಕೆಳಗೆ ಇರಲು ಸಾಧ್ಯವೇ ಇಲ್ಲ. ಮರವನ್ನೆಲ್ಲ ತಿರುಗುವ ಕೆಲಸವೂ ಉಳಿಯಿತು, ಒಂದು ದಾರಿ ಇಳಿದರೆ ಸಾಕು.

ಗಂಗಾವತಿ ಗಣಕ
ಸರಿ, ಇನ್‌ಆರ್ಡರ್ ವಾಪಸ್ ತಗೊಂಡೆ. ಆದರೆ ಲಾಗ್ ಎನ್ ಟೈಮ್ ಅಂತ ಪೇಪರ್‌ನಲ್ಲಿ ಬರೆಯಬಹುದಲ್ವಾ?

ರಾಯಚೂರು ಮೇಡಂ
ಮರ ಸಮತೋಲವಾಗಿದ್ದರೆ ಮಾತ್ರ. ರೋಲ್ ನಂಬರ್ 1ರಿಂದ 1000ದವರೆಗೆ ಸಾಲಾಗಿ ಸೇರಿಸಿದರೆ ಅದು ಮರ ಅಲ್ಲ, ಹಗ್ಗ. 999 ಮತ್ತು 1000 ಕೇಳಿದರೆ 999 ನೋಡ್ ಮುಟ್ಟಬೇಕು. ಮರದ ಎತ್ತರದಷ್ಟು ಅಂತ ಬರೆಯಿರಿ, ಯಾರೂ ತಪ್ಪು ಹಿಡಿಯುವುದಿಲ್ಲ.

ಕೊಪ್ಪಳದ ಅಕ್ಕ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆತನದ ವಂಶಾವಳಿ ಕಂಪ್ಯೂಟರ್‌ಗೆ ಹಾಕಿದ್ದೇನೆ. ಮದುವೆ ಮಾತು ಬಂದಾಗ ಎರಡು ಹೆಸರು ಕೊಟ್ಟು ಇಬ್ಬರಿಗೂ ಹತ್ತಿರದ ಹಿರಿಯ ಯಾರು ಅಂತ ನೋಡಬೇಕು. ಹೆಸರುಗಳನ್ನು ಅಕಾರಾದಿಯಾಗಿ ಹೋಲಿಸಿದರೆ ಈ ಕೋಡ್ ನಡೆಯುತ್ತಾ?

ಸಿರುಗುಪ್ಪ ಸ್ಟಾಪ್
ನಡೆಯಲ್ಲ ಅಕ್ಕಾ. ಇಲ್ಲಿ ನೋಡ್‌ನ ನಂಬರ್ ನೋಡಿದರೆ ಸಾಕು, ಕೀ ಯಾವ ಕಡೆ ಇದೆ ಅಂತ ಗೊತ್ತಾಗುತ್ತದೆ. ನಿಮ್ಮ ಮುತ್ತಜ್ಜನ ಹೆಸರು ನೋಡಿ ಮೊಮ್ಮಗ ಯಾವ ಕವಲಿನಲ್ಲಿದ್ದಾನೆ ಅಂತ ಹೇಳಲು ಬರುತ್ತಾ? ಪ್ರತಿಯೊಬ್ಬರ ಹೆಸರಿನ ಜೊತೆ ಅವರ ಅಪ್ಪನ ಹೆಸರು ಇಡಿ. ಮೊದಲನೆಯವರಿಂದ ಮೇಲಕ್ಕೆ ಹತ್ತುತ್ತಾ ಎಲ್ಲರನ್ನೂ ಬರೆದುಕೊಳ್ಳಿ. ಆಮೇಲೆ ಎರಡನೆಯವರಿಂದ ಹತ್ತಿ, ಪಟ್ಟಿಯಲ್ಲಿರುವ ಮೊದಲ ಹೆಸರು ಸಿಕ್ಕಾಗ ನಿಲ್ಲಿ. ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ಅದಕ್ಕೆ ಹೆಸರಿನ ಬದಲು ಒಬ್ಬೊಬ್ಬರಿಗೆ ಒಂದು ನಂಬರ್ ಕೊಡಿ.

ಕೊಪ್ಪಳದ ಅಕ್ಕ
ನಾಲ್ಕಲ್ಲ, ಬಸಪ್ಪ ಅನ್ನುವವರೇ ಆರು ಜನ ಇದ್ದಾರೆ. ನಂಬರ್ ಕೊಡುತ್ತೇನೆ, ಥ್ಯಾಂಕ್ಸ್ ತಮ್ಮಾ.

ಕಾರಟಗಿ ಲೆಕ್ಕ
ನಮ್ಮ ಅಕ್ಕಿ ಗಿರಣಿಯ ಲಾಟ್ ನಂಬರ್‌ಗಳನ್ನು ಒಂದು ಟ್ರೀಯಲ್ಲಿ ಇಟ್ಟಿದ್ದೆ. ಇದೇ ಕೋಡ್, `=` ಕೂಡ ಇಲ್ಲ. ಆದರೂ 9 ಮತ್ತು 30ಕ್ಕೆ ತಪ್ಪು ಉತ್ತರ ಬರುತ್ತಿತ್ತು. ಎರಡು ದಿನ ತಲೆ ಕೆಟ್ಟಿತ್ತು. ಕೊನೆಗೆ ನೋಡಿದರೆ ಟ್ರೀ ಕಟ್ಟುವಾಗ ನಂಬರ್‌ಗಳು ಟೆಕ್ಸ್ಟ್ ಆಗಿ ಸೇರಿದ್ದವು. ಟೆಕ್ಸ್ಟ್‌ನಲ್ಲಿ "9" ಅನ್ನುವುದು "30"ಕ್ಕಿಂತ ದೊಡ್ಡದು, ಮೊದಲ ಅಕ್ಷರ ನೋಡಿ ತೀರ್ಮಾನ. 25, 100, 9, 30 ಹೀಗೆ ಸೇರಿಸಿದ್ದೆ. 30 ಹೋಗಿ 9ರ ಎಡಕ್ಕೆ ಕೂತಿತ್ತು, ಅಂದರೆ ಉತ್ತರ 9. ನಾನು ಹುಡುಕುವಾಗ ಸಂಖ್ಯೆಯಾಗಿ ಹೋಲಿಸಿದೆ, 25ರಲ್ಲೇ ನಿಂತುಬಿಟ್ಟಿತು. ಸೇರಿಸುವಾಗ ಬಳಸಿದ ಹೋಲಿಕೆಯನ್ನೇ ಹುಡುಕುವಾಗಲೂ ಬಳಸಬೇಕು.

ಗಂಗಾವತಿ ಗಣಕ
ಇದು ಯಾವ ಪೇಪರ್‌ನಲ್ಲೂ ಕೇಳಲ್ಲ, ಕೆಲಸದಲ್ಲಿ ಮಾತ್ರ ಕಚ್ಚುತ್ತದೆ.

ಬಳ್ಳಾರಿ ಬಿಸಿಲು
ಇನ್ನೊಂದು ಸಿಕ್ಕಿತು. 30 ಮತ್ತು 45 ಕೊಟ್ಟೆ, ಉತ್ತರ 35 ಬಂತು. ಆದರೆ 45 ಮರದಲ್ಲೇ ಇಲ್ಲ! 31 ಮತ್ತು 33 ಕೊಟ್ಟರೆ ಮಾತ್ರ NULL ಬಂತು.

ರಾಯಚೂರು ಮೇಡಂ
ಈ ಕೋಡ್ ಕೀ ಇದೆಯಾ ಅಂತ ನೋಡುವುದೇ ಇಲ್ಲ, ದಾರಿ ಎಲ್ಲಿ ಕವಲೊಡೆಯುತ್ತದೆ ಅಷ್ಟೇ ನೋಡುತ್ತದೆ. 45 ಇದ್ದಿದ್ದರೆ 40ರ ಬಲಕ್ಕೆ ಕೂರುತ್ತಿತ್ತು, ಆಗಲೂ ಕವಲು 35ರಲ್ಲೇ. 31, 33ರಲ್ಲಿ ಕವಲೇ ಸಿಗದೆ 30ರ ಬಲಕ್ಕೆ ಹೋಗಿ ಮರ ಮುಗಿಯಿತು. ಖಚಿತ ಬೇಕಾದರೆ ನಿಂತ ನೋಡ್‌ನಿಂದ ಕೆಳಕ್ಕೆ ಎರಡೂ ಕೀಗಳನ್ನು ಹುಡುಕಿ. ರೂಟ್‌ನಿಂದ ಮತ್ತೆ ಶುರು ಮಾಡಬೇಕಿಲ್ಲ, ಇದ್ದರೆ ಅದರ ಕೆಳಗೇ ಇರಬೇಕು. ಯಾವುದಾದರೂ ಸಿಗದಿದ್ದರೆ NULL ಕೊಡಿ.

ಕಾರಟಗಿ ಲೆಕ್ಕ
ನಾನು ಒಪ್ಪಲ್ಲ ಮೇಡಂ. ಒಂದು ಇದ್ದು ಒಂದು ಇಲ್ಲದಿದ್ದರೆ NULL ಕೊಟ್ಟರೆ ಯಾವುದು ಇಲ್ಲ ಅಂತ ಹೇಗೆ ಗೊತ್ತಾಗಬೇಕು? ಯಾವ ಲಾಟ್ ಸಿಗಲಿಲ್ಲ ಅಂತ ಬೇರೆಯಾಗಿ ಹೇಳಲಿ.

ರಾಯಚೂರು ಮೇಡಂ
ಅದು ಕರೆಯುವವರ ಕೆಲಸ. ಒಂದು ಫಂಕ್ಷನ್‌ಗೆ ಎರಡು ಉತ್ತರ ಹೊರಿಸಿದರೆ ಅದನ್ನು ಬಳಸುವವರೆಲ್ಲ ಗೋಳಾಡುತ್ತಾರೆ.

ಕಾರಟಗಿ ಲೆಕ್ಕ
ಗಿರಣಿಯಲ್ಲಿ ಕರೆಯುವವನೂ ನಾನೇ, ಗೋಳಾಡುವವನೂ ನಾನೇ.

ಬಳ್ಳಾರಿ ಬಿಸಿಲು
ಪ್ರಶ್ನೆ ಮತ್ತೆ ಓದಿದೆ. ಎರಡೂ ಕೀ ಮರದಲ್ಲಿ ಇರುತ್ತವೆ ಅಂತ ಮೊದಲ ಸಾಲಿನಲ್ಲೇ ಇದೆ 🙈 ಆದರೂ ಹುಡುಕುವ ಭಾಗ ಸೇರಿಸಿಯೇ ಕೊಡುತ್ತೇನೆ, NULL ಕೊಡುವ ಹಾಗೆ. ಕಾರಟಗಿ ಅಣ್ಣ ಬೈಯಬೇಡಿ.